ಕಬ್ಬಿಣವಿದ್ದೂ ಕೆಂಪಾಗದ ರಕ್ತ

ಮೂರು ತಿಂಗಳಿಂದ ಕಬ್ಬಿಣದ ಸಿರಪ್ ತಪ್ಪದೆ ಕುಡಿಸಿದ್ದಾರೆ. ಜಂತುಹುಳದ ಮಾತ್ರೆಯೂ ನುಂಗಿಸಿ ಆಗಿದೆ. ಮನೆಯಲ್ಲಿ ಸೊಪ್ಪು, ಮೊಟ್ಟೆ, ರಾಗಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಮಗುವಿನ ಕಣ್ಣಿನ ರೆಪ್ಪೆಯೊಳಗೆ ಅದೇ ಬಿಳಿಚು, ಹಿಮೋಗ್ಲೋಬಿನ್ ಚೀಟಿಯಲ್ಲಿ ಅದೇ ಅಂಕಿ. ಇಂಥ ಮಗುವನ್ನು ಕರೆತಂದ ತಾಯಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ನೀವು ಸರಿಯಾಗಿ ಕುಡಿಸಿಲ್ಲ, ಇನ್ನೂ ಮೂರು ತಿಂಗಳು ಕುಡಿಸಿ.’

ಬಹುಪಾಲು ಸಲ ಆ ಉತ್ತರ ಸರಿಯೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ, ಅದಕ್ಕೆ ಕಬ್ಬಿಣದ ಕೊರತೆಯೇ ದೊಡ್ಡ ಕಾರಣ. ಆದರೆ ಈ ದೊಡ್ಡ ಗುಂಪಿನೊಳಗೆ ಒಂದು ಸಣ್ಣ ಗುಂಪು ಅಡಗಿ ಕೂತಿರುತ್ತದೆ. ಈ ಮಕ್ಕಳ ಮೈಯಲ್ಲಿ ಕಬ್ಬಿಣ ಇದೆ, ರಕ್ತ ತಯಾರಾಗುವ ಜಾಗಕ್ಕೆ ಬಂದೂ ಇದೆ, ಅಲ್ಲಿ ಅದು ಬಳಕೆಯಾಗುತ್ತಿಲ್ಲ. ಹಾಗೆ ಬಳಕೆಯಾಗದಂತೆ ತಡೆಯುವ ವಸ್ತುಗಳಲ್ಲಿ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಸೀಸ.

ಸೀಸ ಅಂದರೆ ಯಾವುದು ಎಂದು ಮೊದಲೇ ಹೇಳಿಬಿಡಬೇಕು. ನಾವು ಶಾಲೆಯಲ್ಲಿ ಬರೆದ ‘ಸೀಸದ ಕಡ್ಡಿ’ಯಲ್ಲಿ ಸೀಸ ಇಲ್ಲ, ಅದು ಗ್ರಾಫೈಟು, ಚೀಪಿದರೂ ಸೀಸ ಮೈಗೆ ಸೇರುವುದಿಲ್ಲ. ನಾನು ಹೇಳುತ್ತಿರುವ ಸೀಸ ಲಾರಿ, ಟ್ರ್ಯಾಕ್ಟರು, ಇನ್ವರ್ಟರುಗಳ ಬ್ಯಾಟರಿಯೊಳಗಿನ ಬೂದು ಬಣ್ಣದ, ಮೆತ್ತನೆಯ, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರವಿರುವ ಲೋಹ. ಕೆರೆಯಲ್ಲಿ ಮೀನು ಹಿಡಿಯುವವರು ಬಲೆಯ ಅಂಚಿಗೆ ಕಟ್ಟುವ ಗುಂಡೂ ಇದೇ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡುವುದು ಒಳ್ಳೆಯದು. ಮುಂದೆ ಬರುವ ಹುಡುಗ, ಅವನ ಮನೆ ನಾನು ಕಲ್ಪಿಸಿಕೊಂಡದ್ದು. ಅವನ ಮೈಯಲ್ಲಿ ನಡೆಯುವುದೆಲ್ಲ ವೈದ್ಯರು ಕಂಡುಕೊಂಡಿರುವ ನಿಜದ ಕ್ರಮದಂತೆಯೇ ಇದೆ.

ಬುಕ್ಕಾಪಟ್ಟಣದ ಮಗ್ಗುಲಿನ ಒಂದು ಹಳ್ಳಿ. ಹುಡುಗನಿಗೆ ಐದು ವರ್ಷ, ತೂಕ 15 ಕಿಲೋ. ಅಪ್ಪ ಸಿರಾದಲ್ಲಿ ಹೆದ್ದಾರಿ ಪಕ್ಕದ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಬೆಂಗಳೂರು–ಪುಣೆ ರಸ್ತೆಯಲ್ಲಿ ಓಡಾಡುವ ಲಾರಿಗಳ ಬ್ಯಾಟರಿ ಬಿಚ್ಚುವುದು, ಪ್ಲೇಟು ಬದಲಿಸುವುದು ಅವನ ಕೆಲಸ. ಭಾನುವಾರ ಸವೆದ ಪ್ಲೇಟುಗಳನ್ನು ಚೀಲದಲ್ಲಿ ಮನೆಗೆ ತಂದು, ಹಿತ್ತಿಲ ಒಲೆಯ ಮೇಲೆ ಹಳೇ ಬಾಣಲೆಯಿಟ್ಟು ಕರಗಿಸಿ, ಗಟ್ಟಿ ಮಾಡಿ ಗುಜರಿಯವರಿಗೆ ಮಾರುತ್ತಾನೆ. ಇದೇನೂ ಕಷ್ಟದ ಕೆಲಸವಲ್ಲ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಸೌದೆ ಒಲೆಗೆ ಅದು ಲೆಕ್ಕವೇ ಅಲ್ಲ. ಹಳೇ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಆದ್ದರಿಂದ ನಾಲ್ಕು ಕಾಸೂ ಸಿಗುತ್ತದೆ. ಬಾಣಲೆಯ ಮೇಲೆ ತೇಲುವ ಕಸವನ್ನು ಹುಟ್ಟಿನಿಂದ ತೆಗೆದು ಹಿತ್ತಿಲ ಮೂಲೆಗೆ ಚೆಲ್ಲುತ್ತಾನೆ. ಹುಡುಗ ಆಡುವುದು ಅದೇ ಹಿತ್ತಿಲಲ್ಲಿ.

ಅಮ್ಮನ ದೂರು ಮೂರು: ಹುಡುಗ ಸುಸ್ತಾಗಿ ಕೂರುತ್ತಾನೆ, ಆಗಾಗ ಹೊಟ್ಟೆ ಹಿಡಿದುಕೊಂಡು ಅಳುತ್ತಾನೆ, ಕಕ್ಕಸಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಹೋಗುತ್ತಾನೆ. ಕೇಳಿದರೆ ಇನ್ನೊಂದನ್ನೂ ಸಂಕೋಚದಿಂದ ಹೇಳುತ್ತಾಳೆ, ಮಣ್ಣು ತಿನ್ನುತ್ತಾನೆ. ಹಿಮೋಗ್ಲೋಬಿನ್ 8.6. ವೈದ್ಯರು ನಿಯಮದಂತೆ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಲೆಕ್ಕದಲ್ಲಿ 45 ಮಿಲಿಗ್ರಾಂ ಕಬ್ಬಿಣ ಬರೆದಿದ್ದರು. ಕಬ್ಬಿಣದ ಕೊರತೆಯೊಂದೇ ಕಾರಣವಾಗಿದ್ದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಕಡೇಪಕ್ಷ 1 ಗ್ರಾಂ ಏರಬೇಕು. ಮೂರು ತಿಂಗಳಾದ ಮೇಲೆ ನೋಡಿದರೆ 8.8.

ಓದುಗರು ಇಲ್ಲಿ ನೆನಪಿಡಬೇಕಾದದ್ದು ಆ ಒಂದು ತಿಂಗಳ ಗಡುವು. ಸರಿಯಾದ ಪ್ರಮಾಣದಲ್ಲಿ, ನಿಜವಾಗಿಯೂ ಕುಡಿಸಿ, ಒಂದು ತಿಂಗಳಿಗೆ 1 ಗ್ರಾಂ ಏರದಿದ್ದರೆ ಅದೇ ಸಿರಪ್ಪನ್ನು ಸುಮ್ಮನೆ ಮುಂದುವರಿಸುವುದಲ್ಲ, ಯಾಕೆ ಏರಲಿಲ್ಲ ಎಂದು ಹುಡುಕಬೇಕು. ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಒಳಗೆ ಏನಾಗಿದೆ? ನಮ್ಮ ಸೀಮೆಯಲ್ಲಿ ಕಡಲೆಕಾಯಿ ಮಿಲ್ಲು ನೋಡದವರಿಲ್ಲ. ಸುಗ್ಗಿಯಲ್ಲಿ ಚೀಲಗಳು ಬಂದು ಬೀಳುತ್ತಲೇ ಇರುತ್ತವೆ. ಒಳಗೆ ಯಂತ್ರ ಕೆಟ್ಟು ನಿಂತರೆ ಎಣ್ಣೆ ಹೊರಗೆ ಬರುವುದಿಲ್ಲ, ಚೀಲಗಳು ಮಾತ್ರ ಗೋಡೆಯ ಸುತ್ತ ಪೇರಿಕೊಳ್ಳುತ್ತವೆ. ಹೊರಗೆ ನಿಂತವನಿಗೆ ಕಾಣುವುದು ಎಣ್ಣೆಯಿಲ್ಲ ಎಂಬುದು. ಅವನು ಇನ್ನೊಂದು ಲೋಡು ಕಡಲೆಕಾಯಿ ಕಳಿಸುತ್ತಾನೆ. ರಕ್ತ ಏರದ ಹುಡುಗನಿಗೆ ಮತ್ತೊಂದು ಬಾಟಲಿ ಸಿರಪ್ ಕೊಡುವುದು ಇದೇ ಲೆಕ್ಕ.

ರಕ್ತದ ಕೆಂಪು ಬಣ್ಣಕ್ಕೆ ಕಾರಣ ಹೀಮ್ ಎಂಬ ವಸ್ತು. ನಡುವೆ ಒಂದು ಕಬ್ಬಿಣದ ಕಣ, ಸುತ್ತ ಅದನ್ನು ಹಿಡಿದಿಡುವ ಬಳೆಯಂಥ ರಚನೆ. ಆ ಬಳೆಯ ಹೆಸರು ಪ್ರೋಟೋಪಾರ್ಫಿರಿನ್. ಎಲುಬಿನ ಮಜ್ಜೆಯಲ್ಲಿ ಬೆಳೆಯುವ ಎಳೆಯ ಕೆಂಪು ಕಣದೊಳಗೆ ಹೀಮ್ ಎಂಟು ಹಂತಗಳಲ್ಲಿ ತಯಾರಾಗುತ್ತದೆ. ಮೊದಲ ಹಂತ ಕಣದ ಶಕ್ತಿಮನೆಯಾದ ಮೈಟೊಕಾಂಡ್ರಿಯದ ಒಳಗೆ, ನಡುವಿನ ಹಂತಗಳು ಹೊರಗೆ, ಕೊನೆಯವು ಮತ್ತೆ ಒಳಗೆ. ಕಟ್ಟಕಡೆಗೆ ಬಳೆಯ ನಡುವೆ ಕಬ್ಬಿಣವನ್ನು ಕೂರಿಸುವ ಕೆಲಸ ಫೆರೋಕೆಲಟೇಸ್ ಎಂಬ ಕಿಣ್ವದ್ದು.

ಸೀಸ ಈ ಸಾಲಿನಲ್ಲಿ ಮುಖ್ಯವಾಗಿ ಎರಡು ಕಡೆ ಕೈಯಿಡುತ್ತದೆ. ಎರಡನೇ ಹಂತದ ಕಿಣ್ವವನ್ನು ಕೆಡಿಸುತ್ತದೆ. ಆಗ ಅದಕ್ಕೂ ಹಿಂದಿನ ವಸ್ತು, ಅಂದರೆ ಅಮಿನೋಲೆವ್ಯುಲಿನಿಕ್ ಆಮ್ಲ, ಮುಂದೆ ಹೋಗಲಾರದೆ ರಕ್ತದಲ್ಲೂ ಮೂತ್ರದಲ್ಲೂ ತುಂಬಿಕೊಳ್ಳುತ್ತದೆ. ಇನ್ನೊಂದು ಕೊನೆಯ ಹಂತ: ಕಬ್ಬಿಣ ಬಾಗಿಲಿಗೆ ಬಂದು ನಿಂತಿದ್ದರೂ ಫೆರೋಕೆಲಟೇಸ್ ಅದನ್ನು ಬಳೆಯೊಳಗೆ ಕೂರಿಸಲಾರದು. ಖಾಲಿ ಬಳೆಗೆ ಸತು ಬಂದು ಕೂರುತ್ತದೆ. ಇದನ್ನು ಜಿಂಕ್ ಪ್ರೋಟೋಪಾರ್ಫಿರಿನ್ ಎಂದು ಅಳೆಯಬಹುದು. ಆದರೆ ಬರೀ ಕಬ್ಬಿಣದ ಕೊರತೆಯಲ್ಲೂ ಬಳೆ ಖಾಲಿಯೇ ಇರುವುದರಿಂದ ಅಲ್ಲಿಯೂ ಇದು ಏರುತ್ತದೆ. ಹಾಗಾಗಿ ಈ ಒಂದು ಪರೀಕ್ಷೆಯಿಂದಲೇ ಸೀಸ ಎಂದು ತೀರ್ಮಾನಿಸಲಾಗದು.

ಇನ್ನು, ಹೀಗೆ ಬಳಕೆಯಾಗದ ಕಬ್ಬಿಣ ಮಜ್ಜೆಯ ಕಣಗಳಲ್ಲಿ ಉಂಗುರದಂತೆ ಕಾಣುವ ವಿಷಯ. ಬಳಕೆಯಾಗದ ಕಬ್ಬಿಣ ಮೈಟೊಕಾಂಡ್ರಿಯಗಳೊಳಗೆ ಸಿಕ್ಕಿಕೊಳ್ಳುತ್ತದೆ. ಎಳೆಯ ಕೆಂಪು ಕಣದಲ್ಲಿ ಮೈಟೊಕಾಂಡ್ರಿಯಗಳು ಕಣದ ನಡುಬೀಜದ ಸುತ್ತ ನೆರೆದಿರುತ್ತವೆ. ಮಜ್ಜೆಯನ್ನು ಸೂಜಿಯಿಂದ ತೆಗೆದು, ಕಬ್ಬಿಣಕ್ಕೆ ಮಾತ್ರ ಅಂಟುವ ಪ್ರಷ್ಯನ್ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬೀಜದ ಸುತ್ತ ನೀಲಿ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಕಡೇಪಕ್ಷ ಐದು ಮಣಿಗಳು ಬೀಜದ ಸುತ್ತಳತೆಯ ಮೂರನೇ ಒಂದು ಭಾಗವನ್ನಾದರೂ ಬಳಸಿದ್ದರೆ ಅದನ್ನು ಉಂಗುರ ಸೈಡರೋಬ್ಲಾಸ್ಟ್ ಎಂದು ಎಣಿಸುತ್ತಾರೆ. ‘ಸೈಡರೋಸ್’ ಅಂದರೆ ಗ್ರೀಕಿನಲ್ಲಿ ಕಬ್ಬಿಣ. ಇಂಥ ಕಣಗಳು ಮಜ್ಜೆಯಲ್ಲಿ ಕಾಣುವ ರಕ್ತಹೀನತೆಗೇ ಸೈಡರೋಬ್ಲಾಸ್ಟಿಕ್ ರಕ್ತಹೀನತೆ ಎಂದು ಹೆಸರು. ಮಿಲ್ಲಿನ ಗೋಡೆ ಸುತ್ತ ಪೇರಿಸಿದ ಚೀಲಗಳೇ ಇವು.

ಪಠ್ಯಪುಸ್ತಕಗಳು ಈ ಉಂಗುರಗಳ ಪಟ್ಟಿಯಲ್ಲಿ ಸೀಸವನ್ನು ಯಾವಾಗಲೂ ಸೇರಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ಓದುಗರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಸೀಸ ಸೇರಿದವರ ಮಜ್ಜೆಯಲ್ಲಿ ಕಬ್ಬಿಣದ ಹರಳು ಹೆಚ್ಚಿರುವುದು ನಿಜ, ಆದರೆ ಪೂರಾ ಉಂಗುರಗಳು ಎಲ್ಲರಲ್ಲೂ ಸಿಗುವುದಿಲ್ಲ. ಉಂಗುರ ಕಾಣಲಿಲ್ಲವೆಂದು ಸೀಸವನ್ನು ತಳ್ಳಿಹಾಕುವುದು ತಪ್ಪು. ಅದಕ್ಕಿಂತ ಮುಖ್ಯವಾಗಿ, ಸೀಸದ ಅನುಮಾನ ಇರುವ ಐದು ವರ್ಷದ ಮಗುವಿನ ಎಲುಬಿಗೆ ಸೂಜಿ ಚುಚ್ಚುವ ಅಗತ್ಯವೇ ಇಲ್ಲ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೇರವಾಗಿ ಅಳೆಯಬಹುದು.

ಅಳೆಯುವ ಮುನ್ನ ಅನುಮಾನ ಬರಬೇಕಲ್ಲ. ಅದನ್ನು ತರಿಸುವುದು ಒಂದು ಹನಿ ರಕ್ತ ಮತ್ತು ಒಂದು ಗಾಜಿನ ಸ್ಲೈಡು. ಎಳೆಯ ಕೆಂಪು ಕಣ ದೊಡ್ಡದಾಗಿ ಮಜ್ಜೆಯಿಂದ ಹೊರಡುವಾಗ ತನ್ನೊಳಗಿನ ಹಳೆಯ ಆರ್‌ಎನ್‌ಎಯನ್ನು ಒಡೆದು ಖಾಲಿ ಮಾಡಿಕೊಳ್ಳುತ್ತದೆ. ಈ ಸ್ವಚ್ಛತೆಯ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನೂ ಸೀಸ ನಿಲ್ಲಿಸಿಬಿಡುತ್ತದೆ. ಒಡೆಯದೆ ಉಳಿದ ಚೂರುಗಳು ಗಂಟುಗಟ್ಟಿಕೊಳ್ಳುತ್ತವೆ. ಮಾಮೂಲು ಲೀಶ್ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ, ಮಾಸಲು ಗುಲಾಬಿ ಬಣ್ಣದ ಕಣದ ತುಂಬ ಕಡುನೀಲಿ ಚುಕ್ಕಿಗಳು ಕಾಣುತ್ತವೆ. ದೋಸೆಯ ಹಿಟ್ಟಿಗೆ ಬಿದ್ದ ಸಾಸಿವೆಯ ಹಾಗೆ ಒರಟಾಗಿ, ಕಣದ ಉದ್ದಗಲಕ್ಕೂ ಹರಡಿಕೊಂಡಿರುತ್ತವೆ. ಲ್ಯಾಬಿನವರು ಇದನ್ನು ಬೇಸೋಫಿಲಿಕ್ ಸ್ಟಿಪ್ಲಿಂಗ್ ಎನ್ನುತ್ತಾರೆ. ಥಲಸೀಮಿಯಾದಲ್ಲೂ ಇದು ಕಾಣಬಹುದು, ಹಾಗಾಗಿ ಚುಕ್ಕಿ ಕಂಡ ಮಾತ್ರಕ್ಕೆ ಸೀಸ ಎಂದಲ್ಲ. ಆದರೆ ಚುಕ್ಕಿ ಕಂಡರೆ ಕೇಳಲೇಬೇಕಾದ ಮೊದಲ ಪ್ರಶ್ನೆ ಸೀಸದ್ದು.

ಈಗ ಎಲ್ಲ ಕಡೆ ರಕ್ತವನ್ನು ಕೌಂಟರ್ ಯಂತ್ರ ಎಣಿಸುತ್ತದೆ. ಹಿಮೋಗ್ಲೋಬಿನ್ ಎಷ್ಟು, ಕಣದ ಗಾತ್ರ ಎಷ್ಟು ಎಂದು ಅಚ್ಚುಕಟ್ಟಾಗಿ ಚೀಟಿ ಬರುತ್ತದೆ. ಕಣದೊಳಗಿನ ನೀಲಿ ಚುಕ್ಕಿಯ ಬಗ್ಗೆ ಆ ಚೀಟಿ ಏನೂ ಹೇಳುವುದಿಲ್ಲ. ಅದಕ್ಕೆ ಮನುಷ್ಯನ ಕಣ್ಣೇ ಬೇಕು. ಇನ್ನೊಂದು ತೊಡಕು ನೇರಳೆ ಮುಚ್ಚಳದ ಟ್ಯೂಬಿನದ್ದು. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಎಂಬ ವಸ್ತು ಇರುತ್ತದೆ. ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಅದರಲ್ಲಿ ಸಂಜೆಯವರೆಗೆ ಕೂತು ಪಟ್ಟಣದ ಲ್ಯಾಬಿಗೆ ಹೋಗುವಷ್ಟರಲ್ಲಿ ಸೀಸದ ಚುಕ್ಕಿಗಳು ಮಾಸಿಹೋಗಬಹುದು. ಆದ್ದರಿಂದ ಸೀಸದ ಅನುಮಾನವಿದ್ದಾಗ ಬೆರಳು ಚುಚ್ಚಿ, ಬಂದ ಹನಿಯನ್ನು ಅಲ್ಲೇ ಸ್ಲೈಡಿನ ಮೇಲೆ ಎಳೆದು ಒಣಗಿಸಬೇಕು. ಮಲೇರಿಯಾ ನೋಡಲು ಇದೇ ಕೆಲಸವನ್ನು ಸಾವಿರಾರು ಸಲ ಮಾಡಿದ ಆರೋಗ್ಯ ಕಾರ್ಯಕರ್ತರು ನಮ್ಮಲ್ಲಿದ್ದಾರೆ, ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ನಮ್ಮ ಹುಡುಗನಿಗೆ ಮರಳೋಣ. ಲ್ಯಾಬಿನಲ್ಲಿ ಸ್ಲೈಡು ನೋಡಿದವರು ನೀಲಿ ಚುಕ್ಕಿ ಕಂಡು ವೈದ್ಯರಿಗೆ ಹೇಳಿದರು. ವೈದ್ಯರು ಅಮ್ಮನನ್ನು ಮತ್ತೆ ಕರೆದು ಕೇಳಿದರು:

“ಮಗೂನ ಅಪ್ಪ ಏನ್ ಕೆಲಸ ಮಾಡ್ತಾರಮ್ಮ?”

“ಸಿರಾದಾಗೆ ಬ್ಯಾಟ್ರಿ ಅಂಗ್ಡಿ ಕೆಲ್ಸ ಸಾರ್.”

“ಮನೆಗೇನಾದ್ರೂ ತರ್ತಾರಾ?”

“ಹೂ ಸಾರ್, ಭಾನ್ವಾರ ಹಿತ್ಲಾಗೆ ಕರಗುಸ್ತಾರೆ.”

ಮೂರು ತಿಂಗಳು ಸಿರಪ್ಪಿನ ಬಗ್ಗೆ ಕೇಳಿದವರು ಯಾರೂ ಈ ಎರಡು ಪ್ರಶ್ನೆ ಕೇಳಿರಲಿಲ್ಲ.

ರಕ್ತದ ಸೀಸ ನೋಡಲು ತೋಳಿನ ನರದಿಂದ ತೆಗೆದ ರಕ್ತವೇ ಆಗಬೇಕು. ಬೆರಳಿನ ಹನಿಯಲ್ಲಿ ಚರ್ಮಕ್ಕೆ ಮೆತ್ತಿದ ಧೂಳಿನ ಸೀಸವೂ ಸೇರಿ ಅಂಕಿ ಸುಳ್ಳು ಸುಳ್ಳೇ ಏರುತ್ತದೆ. ಬೆರಳಿನದನ್ನೇ ಮಾಡುವುದಾದರೆ ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದಿರಬೇಕು, ಹೆಚ್ಚು ಬಂದರೆ ನರದ ರಕ್ತದಿಂದ ಮತ್ತೆ ಖಚಿತ ಮಾಡಿಕೊಳ್ಳಬೇಕು. ಟ್ಯೂಬೂ ಸೀಸವಿಲ್ಲದ್ದೆಂದು ಖಾತ್ರಿಯಿರುವಂಥದ್ದೇ ಬೇಕು, ಆದ್ದರಿಂದ ಲ್ಯಾಬಿಗೆ ಮೊದಲೇ ಫೋನು ಮಾಡಿ ‘ಬ್ಲಡ್ ಲೆಡ್’ ಪರೀಕ್ಷೆ ಎಂದು ತಿಳಿಸಿ ಹೋಗುವುದು ಒಳ್ಳೆಯದು. ಇದರ ಜೊತೆಗೆ ವೈದ್ಯರು ಫೆರಿಟಿನ್ ಪರೀಕ್ಷೆಯನ್ನೂ ಬರೆಯುತ್ತಾರೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಅದು ಹೇಳುತ್ತದೆ. ಮಗುವಿಗೆ ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ ಜ್ವರ ಬಿಟ್ಟ ಮೇಲೆ ಮಾಡಿಸಿದರೆ ಅಂಕಿಯನ್ನು ನಂಬಬಹುದು.

ಫಲಿತಾಂಶ ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಬರುತ್ತದೆ. ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಟ್ಟ ಇಲ್ಲ. 5 ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತಪ್ಪಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಮಕ್ಕಳಲ್ಲಿ 45 ಮುಟ್ಟಿದರೆ ಸೀಸವನ್ನು ಹಿಡಿದು ಹೊರಹಾಕುವ ಔಷಧದ ಮಾತು ಬರುತ್ತದೆ. ನಮ್ಮ ಹುಡುಗನಿಗೆ 58 ಬಂತು ಎಂದುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ರಕ್ತಹೀನತೆ ಸೀಸದ ಮೊದಲ ಸೂಚನೆಯಲ್ಲ, ತಡವಾಗಿ ಬರುವ ಸೂಚನೆ. 10, 20 ಇರುವ ಮಗುವಿನ ಹಿಮೋಗ್ಲೋಬಿನ್ ಸರಿಯಾಗಿಯೇ ಇರಬಹುದು, ಸ್ಲೈಡಿನಲ್ಲಿ ಒಂದು ಚುಕ್ಕಿಯೂ ಕಾಣದಿರಬಹುದು, ಮಿದುಳಿಗೆ ಮಾತ್ರ ಆಗಲೇ ಪೆಟ್ಟು ಬೀಳುತ್ತಿರುತ್ತದೆ. ಚುಕ್ಕಿ ಕಂಡರೆ ಅದು ಸುಳಿವು. ಕಾಣದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಇನ್ನೊಂದು ಗೋಜಲು: ಕಬ್ಬಿಣದ ಕೊರತೆ ಮತ್ತು ಸೀಸ ಒಂದನ್ನೊಂದು ಬಿಟ್ಟಿರುವುದಿಲ್ಲ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆಳೆದುಕೊಳ್ಳುವ ಬಾಗಿಲಿನಿಂದಲೇ ಸೀಸವೂ ನುಗ್ಗುತ್ತದೆ. ಕಬ್ಬಿಣ ಸಾಲದ ಮಗುವಿನ ಕರುಳು ಆ ಬಾಗಿಲನ್ನು ಅಗಲ ಮಾಡಿಕೊಂಡಿರುತ್ತದೆ, ಹಾಗಾಗಿ ಅದೇ ಧೂಳಿನಿಂದ ಅದು ಬೇರೆ ಮಗುವಿಗಿಂತ ಹೆಚ್ಚು ಸೀಸ ಹೀರುತ್ತದೆ. ಮಣ್ಣು ತಿನ್ನುವ ಚಪಲವೂ ಕಬ್ಬಿಣದ ಕೊರತೆಯವರಲ್ಲೇ ಹೆಚ್ಚು. ಸೀಸ ಸೇರಿದ ಮಕ್ಕಳ ಕೆಂಪು ಕಣಗಳು ತೀರ ಚಿಕ್ಕದಾಗಿ ಕಾಣುವುದಕ್ಕೆ ಎಷ್ಟೋ ಸಲ ಜೊತೆಗಿರುವ ಕಬ್ಬಿಣದ ಕೊರತೆಯೇ ಕಾರಣ. ಆದ್ದರಿಂದ ಈ ಲೇಖನ ಓದಿ ಯಾರೂ ಸಿರಪ್ ನಿಲ್ಲಿಸಬೇಡಿ. ಫೆರಿಟಿನ್ ಕಡಿಮೆಯಿದ್ದರೆ ಕಬ್ಬಿಣ ಕೊಡಲೇಬೇಕು, ಅದು ಸೀಸಕ್ಕೂ ಬಾಗಿಲು ಕಿರಿದು ಮಾಡುತ್ತದೆ. ಫೆರಿಟಿನ್ ಚೆನ್ನಾಗಿದ್ದೂ ರಕ್ತ ಏರುತ್ತಿಲ್ಲವೆಂದರೆ ಇನ್ನಷ್ಟು ಕಬ್ಬಿಣ ಸುರಿಯುವುದು ವ್ಯರ್ಥ.

ಚಿಕಿತ್ಸೆಯಲ್ಲಿ ಮೊದಲ ಮದ್ದು ಮಗುವನ್ನು ಸೀಸದಿಂದ ದೂರ ಮಾಡುವುದು. ಇದು ಮಾತಿನ ಚಂದಕ್ಕೆ ಹೇಳಿದ್ದಲ್ಲ. ಸೀಸ ಹಿಡಿಯುವ ಔಷಧ ಹೊಟ್ಟೆಯಲ್ಲಿರುವಾಗ ಮಗು ಅದೇ ಹಿತ್ತಿಲ ಮಣ್ಣು ತಿಂದರೆ, ಕರುಳಿನಿಂದ ಇನ್ನಷ್ಟು ಸೀಸ ಒಳಗೆ ಹೋಗುವ ಸಾಧ್ಯತೆ ಇದೆ. ಆದ್ದರಿಂದ ಒಂದೋ ಮಗುವನ್ನು ಆಸ್ಪತ್ರೆಯಲ್ಲಿಟ್ಟುಕೊಳ್ಳುತ್ತಾರೆ, ಇಲ್ಲವೇ ಮನೆ ಸ್ವಚ್ಛವಾಗುವವರೆಗೆ ಅಜ್ಜಿ ಮನೆಗೆ ಕಳಿಸಿ ಎನ್ನುತ್ತಾರೆ. ಹೊಟ್ಟೆಯ ಎಕ್ಸ್‌ರೇಯಲ್ಲಿ ಸೀಸದ ಚೂರುಗಳು ಬಿಳಿ ಚುಕ್ಕಿಗಳಾಗಿ ಕಂಡರೆ ಮೊದಲು ಅವನ್ನು ಭೇದಿ ಮಾಡಿಸಿ ಹೊರಹಾಕುತ್ತಾರೆ.

ಬಾಯಿಯಿಂದ ಕೊಡುವ ಮುಖ್ಯ ಔಷಧ ಸಕ್ಸಿಮರ್. ವಾಡಿಕೆಯ ಕ್ರಮ ಕಿಲೋಗೆ 10 ಮಿಲಿಗ್ರಾಂ, ಅಂದರೆ 15 ಕಿಲೋ ಹುಡುಗನಿಗೆ ಸಲಕ್ಕೆ 150 ಮಿಲಿಗ್ರಾಂ, ಮೊದಲ ಐದು ದಿನ ದಿನಕ್ಕೆ ಮೂರು ಸಲ, ಆಮೇಲೆ ಹದಿನಾಲ್ಕು ದಿನ ದಿನಕ್ಕೆರಡು ಸಲ. ಒಟ್ಟು 19 ದಿನ. ಕೊಳೆತ ಮೊಟ್ಟೆಯ ವಾಸನೆ ಇರುವ ಔಷಧ ಇದು, ಮಕ್ಕಳು ಹಠ ಮಾಡುತ್ತಾರೆ. ವಾಂತಿ, ಸಿಡುಕು, ಜ್ಞಾನ ತಪ್ಪುವುದು, ಫಿಟ್ಸ್ ಇವು ಸೀಸ ಮಿದುಳಿಗೆ ಏರಿದ ಗುರುತು. ಆಗ ಇಂಜೆಕ್ಷನ್ನಿನ ಮದ್ದು, ತೀವ್ರ ನಿಗಾ ಘಟಕ ಎಲ್ಲ ಬೇಕಾಗುತ್ತದೆ, ಒಂದು ಗಂಟೆಯೂ ತಡ ಮಾಡುವಂತಿಲ್ಲ. ಇವೆಲ್ಲ ಆಸ್ಪತ್ರೆಯಲ್ಲಿ ವೈದ್ಯರ ಕೈಯಲ್ಲಿ ಆಗಬೇಕಾದವು, ನಾನು ಲೆಕ್ಕ ಬರೆದದ್ದು ನಿಮಗೆ ನಡೆಯುತ್ತಿರುವುದು ಅರ್ಥವಾಗಲೆಂದು ಮಾತ್ರ.

ಔಷಧ ಮುಗಿದ ದಿನ ಅಂಕಿ ಚೆನ್ನಾಗಿ ಇಳಿದಿರುತ್ತದೆ. ಎರಡು ಮೂರು ವಾರ ಬಿಟ್ಟು ನೋಡಿದರೆ ಮತ್ತೆ ಏರಿರುತ್ತದೆ. ಮನೆಯವರು ಗಾಬರಿಯಾಗುತ್ತಾರೆ, ಔಷಧ ಸುಳ್ಳೆನ್ನುತ್ತಾರೆ. ಸೀಸ ರಕ್ತದಲ್ಲಿ ಇರುವುದು ಕೆಲವು ವಾರ, ಎಲುಬಿನಲ್ಲಿ ಕೂರುವುದು ವರ್ಷಗಟ್ಟಲೆ. ರಕ್ತ ಖಾಲಿಯಾದಂತೆ ಎಲುಬಿನಿಂದ ಇಳಿದು ಬರುತ್ತದೆ. ಒಂದೆರಡು ಸುತ್ತು ಮತ್ತೆ ಬೇಕಾಗಬಹುದು. ಹೀಮ್ ತಯಾರಿಕೆ ಮಾತ್ರ ಬೇಗ ಚೇತರಿಸಿಕೊಳ್ಳುತ್ತದೆ. ಸೀಸ ಇಳಿದು, ಕಬ್ಬಿಣವೂ ಸಾಕಷ್ಟಿದ್ದರೆ ಹಿಮೋಗ್ಲೋಬಿನ್ ಅಲ್ಲಿಂದ ಏರತೊಡಗುತ್ತದೆ. ಇದೇ ಸಿರಪ್ಪು ಈಗ ಕೆಲಸ ಮಾಡಿತಲ್ಲ ಎಂದು ಅಮ್ಮನಿಗೆ ಆಶ್ಚರ್ಯ. ಮಿದುಳಿನ ಮಾತು ಹಾಗಲ್ಲ. ಆಗಿಹೋದ ಪೆಟ್ಟನ್ನು ಸಕ್ಸಿಮರ್ ಸರಿಪಡಿಸುವುದಿಲ್ಲ ಎಂಬುದು ಅಮೆರಿಕದಲ್ಲಿ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಕಂಡಿದೆ.

ಮನೆಯಲ್ಲಿ ಏನು ಮಾಡಬೇಕು? ಅಪ್ಪ ಕರಗಿಸುವುದನ್ನು ನಿಲ್ಲಿಸಬೇಕು, ಇದರಲ್ಲಿ ರಾಜಿ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಹೋಗಬೇಕಾದದ್ದು ನೋಂದಾಯಿತ ಮರುಬಳಕೆ ಘಟಕಕ್ಕೆ, ಹಿತ್ತಿಲ ಒಲೆಗಲ್ಲ. ಕೆಲಸದ ಅಂಗಿ ಪ್ಯಾಂಟನ್ನು ಅಂಗಡಿಯಲ್ಲೇ ಬಿಚ್ಚಿಟ್ಟು, ಕೈ ಮುಖ ತೊಳೆದು ಮನೆಗೆ ಬರಬೇಕು. ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬಾರದು. ಮನೆಯನ್ನು ಪೊರಕೆಯಿಂದ ಒಣಗುಡಿಸಿದರೆ ಸೀಸದ ಧೂಳು ಎದ್ದು ಎಲ್ಲ ಕಡೆ ಕೂರುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಹಿತ್ತಿಲಲ್ಲಿ ಕಸ ಚೆಲ್ಲಿದ ಜಾಗದ ಮೇಲ್ಮಣ್ಣು ತೆಗೆಸಿ, ಬೇರೆ ಮಣ್ಣು ಹಾಕಿಸಿ, ಮೇಲೆ ಕಲ್ಲು ಹಾಸಿದರೆ ಇನ್ನೂ ಒಳ್ಳೆಯದು. ತೆಗೆದ ಮಣ್ಣನ್ನು ತಿಪ್ಪೆಗೆ, ಹೊಲಕ್ಕೆ ಹಾಕಬಾರದು. ಆ ಬಾಣಲೆ ಮತ್ತೆ ಅಡುಗೆಮನೆ ಸೇರಬಾರದು. ಮತ್ತೆ, ಆ ಮನೆಯ ಉಳಿದ ಮಕ್ಕಳಿಗೂ ಬಸುರಿ ಹೆಂಗಸರಿಗೂ ಪರೀಕ್ಷೆ ಆಗಬೇಕು. ಹೆಂಗಸಿನ ಎಲುಬಿನಲ್ಲಿ ಕೂತ ಸೀಸ ಬಸುರಿನಲ್ಲಿ ಇಳಿದು ಹೊಟ್ಟೆಯ ಕೂಸಿಗೆ ಹೋಗುತ್ತದೆ.

ಬ್ಯಾಟರಿಯ ಸಂಬಂಧವೇ ಇಲ್ಲದ ಮನೆಗಳಲ್ಲೂ ಸೀಸ ಬರುವ ದಾರಿಗಳಿವೆ. ನಮ್ಮಲ್ಲಿ ನಾನು ಮೊದಲು ಕೇಳುವುದು ಕಲಾಯಿ. ಹಿತ್ತಾಳೆ ಪಾತ್ರೆಗೆ ಹಚ್ಚಬೇಕಾದದ್ದು ತವರ. ತವರ ದುಬಾರಿ, ಸೀಸ ಅಗ್ಗ, ನೋಡಲು ಎರಡೂ ಒಂದೇ. ಸೀಸ ಬೆರೆತ ಕಲಾಯಿಯ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಕುದಿಸಿ ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಹುಳಿ ಸೀಸವನ್ನು ಬಿಡಿಸಿಕೊಳ್ಳುತ್ತದೆ. ಇನ್ನೊಂದು ನಾಗಭಸ್ಮ. ಆಯುರ್ವೇದದಲ್ಲಿ ‘ನಾಗ’ ಅಂದರೆ ಸೀಸವೇ. ಸಕ್ಕರೆ ಕಾಯಿಲೆಗೆಂದು ಚೀಟಿಯಿಲ್ಲದ ಪುಡಿ ಕಟ್ಟಿಕೊಡುವವರ ಬಳಿ ಅದರಲ್ಲೇನಿದೆ ಎಂದು ಕೇಳಿ. ದೊಡ್ಡವರಲ್ಲಿ ಕಾರಣ ತಿಳಿಯದ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಒಟ್ಟಿಗೆ ಬಂದು, ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಕಂಡರೆ ವೈದ್ಯರಿಗೆ ಈ ಪುಡಿಯ ಡಬ್ಬಿಯನ್ನೇ ಒಯ್ದು ತೋರಿಸಿ. ಗಾಢ ಹಳದಿಯ ಬಿಡಿ ಅರಿಸಿನ ಪುಡಿ, ಹಳೇ ಕಿಟಕಿ ಬಾಗಿಲಿನ ಸುಲಿದು ಬೀಳುವ ಬಣ್ಣ ಇವೂ ಪಟ್ಟಿಯಲ್ಲಿವೆ. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಮೊದಲು ಬಳಿದದ್ದು ಗೋಡೆ ಬಾಗಿಲಿನ ಮೇಲೆ ಇನ್ನೂ ಇದೆ.

ದೊಡ್ಡವರಿಗೆ ಬರುವ ಸೈಡರೋಬ್ಲಾಸ್ಟಿಕ್ ರಕ್ತಹೀನತೆಗೆ ಸೀಸಕ್ಕಿಂತ ಬೇರೆ ಕಾರಣಗಳೇ ಹೆಚ್ಚು, ಅದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹೀಮ್ ತಯಾರಿಕೆಯ ಮೊದಲ ಹಂತಕ್ಕೆ ಬಿ6 ವಿಟಮಿನ್ ಬೇಕು. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಮಾತ್ರೆ ಆ ವಿಟಮಿನ್ನಿಗೆ ಅಡ್ಡ ಬರುತ್ತದೆ, ಕ್ಷಯದ ಮಾತ್ರೆಯ ಜೊತೆ ಪಿರಿಡಾಕ್ಸಿನ್ ಕೊಡುವುದಕ್ಕೆ ಇದೂ ಒಂದು ಕಾರಣ, ಅದನ್ನು ‘ಬರೀ ವಿಟಮಿನ್’ ಎಂದು ಬಿಡಬೇಡಿ. ದಿನವೂ ಕುಡಿಯುವವರ ಮಜ್ಜೆಯಲ್ಲೂ ಉಂಗುರಗಳು ಕಾಣುತ್ತವೆ, ಕುಡಿತ ಬಿಟ್ಟರೆ ಕೆಲವೇ ವಾರದಲ್ಲಿ ಮಾಯವಾಗುತ್ತವೆ. ಅರವತ್ತು ದಾಟಿದವರಲ್ಲಿ ಇವ್ಯಾವುದೂ ಇಲ್ಲದೆ ಉಂಗುರ ಕಂಡರೆ ಅದು ಮಜ್ಜೆಯ ಸ್ವಂತ ಕಾಯಿಲೆ ಇರಬಹುದು, ಅಲ್ಲಿ ಮಜ್ಜೆ ಪರೀಕ್ಷೆ ಬೇಕೇ ಬೇಕು, ರಕ್ತರೋಗ ತಜ್ಞರಿಗೆ ತೋರಿಸಬೇಕು.

ಸೀಸದ ಮಾತನ್ನು ಈ ದೇಶದಲ್ಲಿ ಗಟ್ಟಿಯಾಗಿ ಎತ್ತಿದ್ದು ನಮ್ಮ ಬೆಂಗಳೂರೇ. 1990ರ ದಶಕದ ಕೊನೆಯಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ನಿನವರು ಬೆಂಗಳೂರೂ ಸೇರಿ ದೇಶದ ಏಳು ನಗರಗಳಲ್ಲಿ ಸುಮಾರು 22 ಸಾವಿರ ಜನರ ರಕ್ತ ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು, ಮರುವರ್ಷ ದೇಶದ ಬಂಕುಗಳಿಂದ ಸೀಸ ಬೆರೆತ ಪೆಟ್ರೋಲು ಹೋಯಿತು. ಸೀಸದ ಪರೀಕ್ಷೆಗೆಂದೇ ಸೇಂಟ್ ಜಾನ್ಸ್‌ನಲ್ಲಿ ರಾಷ್ಟ್ರೀಯ ಕೇಂದ್ರವೊಂದು ಶುರುವಾಯಿತು. ಪೆಟ್ರೋಲಿನ ಸೀಸ ನಗರದ ಗಾಳಿಯಲ್ಲಿತ್ತು, ಸರ್ಕಾರ ಒಂದು ಆದೇಶದಿಂದ ನಿಲ್ಲಿಸಬಹುದಾಗಿತ್ತು. ಹಿತ್ತಿಲ ಒಲೆಯದ್ದು ಹಾಗೆ ನಿಲ್ಲುವುದಿಲ್ಲ, ಅದು ಒಂದೊಂದು ಮನೆಯಲ್ಲಿ ಬೇರೆ ಬೇರೆ ಇದೆ.

ಮನೆಯಲ್ಲಿ ಬ್ಯಾಟರಿ, ಗುಜರಿ, ಎರಕ, ಬೆಸುಗೆ, ಬಣ್ಣ ಕೆರೆಯುವ ಕೆಲಸದವರು ಯಾರಾದರೂ ಇದ್ದರೆ, ಜೊತೆಗೆ ಆರು ವರ್ಷದೊಳಗಿನ ಮಗುವಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಕೆಲಸದ ಹೆಸರನ್ನು ವೈದ್ಯರು ಕೇಳುವ ಮೊದಲು ನೀವೇ ಹೇಳಿ. ಮಗುವಿನ ಹಿಮೋಗ್ಲೋಬಿನ್ ಚೆನ್ನಾಗಿದ್ದರೂ ಸರಿಯೇ, ಸೀಸದ ಪರೀಕ್ಷೆ ಒಮ್ಮೆ ಬರೆಸಿಕೊಳ್ಳಿ.